ಅಟ್ಟ ಯಾರ ರೂಮಿನಲ್ಲಿದೆ?

ಮೂರು ರೂಮು, ಮೂರು ತಲೆಮಾರು. ಕಾಗದದ ಮೇಲೆ ಈ ಲೆಕ್ಕ ಎಷ್ಟು ಸಲೀಸಾಗಿ ಕೂರುತ್ತದೆಂದರೆ, ಬೆಂಗಳೂರಿನ ತ್ರೀ ಬಿಎಚ್‌ಕೆಗಳನ್ನು ನಮ್ಮಂಥವರಿಗೆಂದೇ ಕಟ್ಟಿದ್ದಾರೆ ಅನ್ನಬೇಕು. ಅಟ್ಯಾಚ್ಡ್ ಬಾತ್‌ರೂಮಿರುವ ದೊಡ್ಡ ರೂಮನ್ನು ಅಪ್ಪ ಅಮ್ಮನಿಗೆ ಬಿಟ್ಟುಕೊಟ್ಟೆವು. ನೆಂಟರು ಇದನ್ನು ಪಿತೃಭಕ್ತಿ ಎಂದು ಹೊಗಳಿದರು, ನಾನೂ ತಡೆಯಲಿಲ್ಲ. ಅಸಲಿಗೆ ಅಪ್ಪ ರಾತ್ರಿ ಎರಡು ಮೂರು ಸಲ ಏಳುತ್ತಾರೆ. ಕಾಮನ್ ಬಾತ್‌ರೂಮಿಗೆ ಹೋಗುವುದಾದರೆ ಹಾಲಿನ ಲೈಟು ಹಾಕಿ, ಮುಂಬಾಗಿಲ ಚಿಲಕ ಅಲ್ಲಾಡಿಸಿ, ಗ್ಯಾಸ್ ಆಫ್ ಆಗಿದೆಯೇ ನೋಡಿ, ಒಮ್ಮೆ ಜೋರಾಗಿ ಕೆಮ್ಮಿ ಮುಂದುವರಿಯುವುದು ಅವರ ಪದ್ಧತಿ. ಮಧ್ಯದ ರೂಮು ನನಗೂ ಹೆಂಡತಿಗೂ. ಉಳಿದ ಹತ್ತಕ್ಕೆ ಹತ್ತಡಿಯ ರೂಮು ಪಿಯುಸಿ ಓದುವ ಮಗಳಿಗೆ.

ಮಗಳು ಕೇಳಿದ್ದು ಒಂದೇ: ‘ಒಳಗೆ ಬರೋ ಮುಂಚೆ ಬಾಗಿಲು ತಟ್ಟಿ.’

‘ನಮ್ಮನೇಲಿ ಬಾಗಿಲು ತಟ್ಟೋನು ಪೋಸ್ಟಿನವನು ಮಾತ್ರ ಕಣೇ’ ಎಂದರು ಅಮ್ಮ. ಅವರ ಪ್ರಕಾರ ಹಗಲುಹೊತ್ತು ಒಳಗಿನ ಬಾಗಿಲು ಮುಚ್ಚಿದೆ ಎಂದರೆ ಯಾರಿಗೋ ಹುಷಾರಿಲ್ಲ, ಇಲ್ಲವೇ ಯಾರೋ ಮುನಿಸಿಕೊಂಡಿದ್ದಾರೆ, ಇಲ್ಲವೇ ಸೀರೆ ಬದಲಾಯಿಸುತ್ತಿದ್ದಾರೆ. ಮೂರಕ್ಕೂ ಹತ್ತು ನಿಮಿಷ ಸಾಕು.

ನನಗೂ ಇದು ಹಳೆ ಕಾಲ, ಹೊಸ ಕಾಲದ ಜಗಳ ಎಂದೇ ಅನ್ನಿಸಿತ್ತು. ಒಂದು ಭಾನುವಾರ ಸೋಫಾದಲ್ಲಿ ಪೇಪರ್ ಹಿಡಿದು, ಅವಳ ರೂಮಿಗೆ ಯಾರ್ಯಾರು, ಯಾಕೆ ಹೋಗುತ್ತಾರೆ ಎಂದು ಗಮನಿಸುತ್ತ ಕೂತೆ. ಬೆಳಿಗ್ಗೆ ಮೊದಲು ಹೋದವರು ಅಪ್ಪ. ಅವರ ಯೂಟ್ಯೂಬ್ ಪ್ರವಚನ ಅರ್ಧಕ್ಕೆ ನಿಂತು ಸುತ್ತತೊಡಗಿತ್ತು, ವೈಫೈ ಡಬ್ಬಿ ಇರುವುದು ಮಗಳ ಮೇಜಿನ ಪಕ್ಕ. ಕೇಬಲ್ ಹುಡುಗ ಅವಳ ಕಿಟಕಿ ಹತ್ತಿರವೆಂದು ವೈರನ್ನು ಅಲ್ಲೇ ಒಳಗೆ ತೂರಿಸಿ ಹೋಗಿದ್ದ. ಅಪ್ಪ ಸ್ವಿಚ್ ಆರಿಸಿ, ಹತ್ತರವರೆಗೆ ಗಟ್ಟಿಯಾಗಿ ಎಣಿಸಿ, ಮತ್ತೆ ಹಾಕಿ ಬಂದರು. ಆಮೇಲೆ ಅಮ್ಮ, ಬಾಗಿಲ ಹಿಂದಿನ ಇಸ್ತ್ರಿ ಮೇಜಿಗೆ. ಆಮೇಲೆ ನನ್ನ ಹೆಂಡತಿ, ಸ್ಟೂಲ್ ಸಮೇತ. ಬಿಲ್ಡರ್ ಅಟ್ಟ ಕೊಟ್ಟಿರುವುದು ಆ ರೂಮಿನಲ್ಲಿ ಮಾತ್ರ. ದಸರಾ ಗೊಂಬೆ, ಹಬ್ಬದ ಹಿತ್ತಾಳೆ ಪಾತ್ರೆ, ಹಪ್ಪಳದ ಡಬ್ಬ ಎಲ್ಲವೂ ಅಲ್ಲೇ. ಮಗಳು ಮಂಚದ ಮೇಲೆ ಕಾಲು ಮಡಿಚಿಕೊಂಡು, ಸ್ಟೂಲಿಗೆ ಜಾಗ ಬಿಟ್ಟು, ಕೆಮಿಸ್ಟ್ರಿ ಓದುತ್ತಿದ್ದಳು. ಕೊನೆಗೆ ನಾನೂ ಹೋದೆ. ಉಗುರು ಕತ್ತರಿ ಅವಳ ಡ್ರಾಯರಿನಲ್ಲಿತ್ತು.

ಬಂದುಹೋದ ನಾಲ್ವರಲ್ಲಿ ಒಬ್ಬರೂ ಅವಳನ್ನು ನೋಡಲು ಬಂದವರಲ್ಲ. ಅಂಥ ರೂಮಿಗೆ ಬಾಗಿಲು ತಟ್ಟಿ ಬರಬೇಕು ಎಂಬ ಕಾನೂನು ಮಾಡಿದರೆ ಗೋದಾಮಿಗೆ ಕಾಲಿಂಗ್ ಬೆಲ್ ಹಾಕಿದ ಹಾಗಾಗುತ್ತದೆ.

ಹಾಗಾಗಿ ಜನರಿಗೆ ಬುದ್ಧಿ ಹೇಳುವುದು ಬಿಟ್ಟು ಸಾಮಾನು ಸಾಗಿಸಿದೆವು. ಕೇಬಲ್ ಹುಡುಗನನ್ನು ಕರೆಸಿ, ಗೋಡೆಯ ಬುಡದುದ್ದಕ್ಕೂ ಕ್ಲಿಪ್ ಹೊಡೆಸಿ ವೈಫೈ ಡಬ್ಬಿಯನ್ನು ಹಾಲಿಗೆ ತಂದೆವು. ಮನೆಯ ನಡುವೆ ಬಂದದ್ದರಿಂದ ಸಿಗ್ನಲ್ ಅಪ್ಪನ ರೂಮಿಗೂ ಚೆನ್ನಾಗಿ ಮುಟ್ಟಿತು. ಇಸ್ತ್ರಿ ಮೇಜು ಯುಟಿಲಿಟಿಗೆ ಹೋಯಿತು. ಹಪ್ಪಳದ ಡಬ್ಬ ನಮ್ಮ ಬಾಕ್ಸ್ ಮಂಚದೊಳಗೆ. ಗೊಂಬೆಗಳು ಅಟ್ಟದಲ್ಲೇ ಉಳಿದವು, ಅವು ಇಳಿಯುವುದು ವರ್ಷಕ್ಕೊಮ್ಮೆ ತಾನೇ.

ಉಳಿದದ್ದು ಸದ್ದು. ಗೋಡೆ ತೆಳು ಎಂದು ಎಲ್ಲರೂ ಬಿಲ್ಡರನ್ನು ಬೈಯುತ್ತಾರೆ. ನಮ್ಮ ಒಳಗೋಡೆ ನಾಲ್ಕಿಂಚಿನ ಬ್ಲಾಕಿನದು, ಮಾತು ಅಷ್ಟಾಗಿ ದಾಟುವುದಿಲ್ಲ. ಸದ್ದು ನುಗ್ಗುವುದು ಬಾಗಿಲ ಕೆಳಗಿನ ಬೆರಳಗಲದ ಸಂದಿನಿಂದ. ಬಾಗಿಲು ಹಾಕಿ ದೀಪ ಆರಿಸಿದಾಗ ಆಚೆಯ ಬೆಳಕು ಎಲ್ಲಿ ಕಾಣುತ್ತದೋ ಅಲ್ಲೆಲ್ಲ ಧಾರಾವಾಹಿಯ ಅಳುವೂ ಬರುತ್ತದೆ. ಹಾರ್ಡ್‌ವೇರ್ ಅಂಗಡಿಯಿಂದ ರಬ್ಬರ್ ಪಟ್ಟಿ ತಂದು ಬಾಗಿಲ ಬುಡಕ್ಕೆ ಅಂಟಿಸಿದ ಮೇಲೆ ಪೂರ್ತಿ ನಿಲ್ಲದಿದ್ದರೂ, ಅತ್ತೆ ಸೊಸೆಗೆ ಏನೆಂದು ಬೈದಳೆಂಬುದು ತಿಳಿಯುತ್ತಿಲ್ಲ. ಇದಕ್ಕೆ ಮೊದಲು ಅಪ್ಪನಿಗೆ ಹೆಡ್‌ಫೋನ್ ಕೊಡಿಸಿ ನೋಡಿದ್ದೆವು. ಟಿವಿ ಸದ್ದು ನಿಂತಿತು. ತಮ್ಮ ದನಿ ತಮಗೇ ಕೇಳಿಸದೆ ಅಪ್ಪ ‘ಕಾಫಿ ಆಯ್ತಾ?’ ಎಂದದ್ದು ಮೂರನೇ ಮಹಡಿಗೆ ಕೇಳಿಸಿತು.

ಈಗ ಅಮ್ಮನಿಗೆ ಆ ರೂಮಿಗೆ ಹೋಗಲು ನೆಪವೇ ಇಲ್ಲ. ಒಂದು ವಾರ ತಡೆದರು. ಆಮೇಲೆ ಬಳೆಯಿಂದ ಬಾಗಿಲನ್ನು ಟಕ್ ಎನಿಸಿ ಒಳಗೆ ಹೋದರು.

‘ಏನು ಬೇಕಿತ್ತಜ್ಜಿ?’

‘ಏನೂ ಬೇಡ. ಸುಮ್ನೆ ಬಂದೆ.’

ಅರ್ಧ ಗಂಟೆ ಕೂತಿದ್ದರು. ಮಗಳು ದೂರು ಕೊಟ್ಟಿಲ್ಲ.

ಫ್ಲ್ಯಾಟ್ ನೋಡಲು ಹೋಗುವವರು ವಾಸ್ತು ನೋಡಿ, ಬೇಡವೆನ್ನುವುದಿಲ್ಲ. ಜೊತೆಗೆ ಒಮ್ಮೆ ತಲೆಯೆತ್ತಿ ಅಟ್ಟ ಯಾವ ರೂಮಿನಲ್ಲಿದೆ ಎಂದೂ ನೋಡಿಕೊಳ್ಳಿ. ಆ ರೂಮನ್ನು ಮಾತ್ರ ಹರೆಯದ ಮಕ್ಕಳಿಗೆ ಕೊಡಬೇಡಿ.