ನಿಮಿಷಕ್ಕೊಂದು ಪುಟ

ಪಕ್ಕದ ಮನೆಯ ಪಿಯುಸಿ ಹುಡುಗ ಪತ್ತೇದಾರಿ ಕಾದಂಬರಿಯನ್ನು ನಿಮಿಷಕ್ಕೊಂದು ಪುಟದಂತೆ ನುಂಗುತ್ತಾನೆ. ಅದೇ ಲೆಕ್ಕದಲ್ಲಿ ಅರ್ಥಶಾಸ್ತ್ರದ 24 ಪುಟದ ಅಧ್ಯಾಯಕ್ಕೆ 24 ನಿಮಿಷ ಬರೆದು, ವೇಳಾಪಟ್ಟಿಗೆ ಬಣ್ಣ ಹಚ್ಚಿದ. (ಬಣ್ಣಕ್ಕೆ ಹಿಡಿದ ಒಂದು ಗಂಟೆ ಪಟ್ಟಿಯಲ್ಲಿರಲಿಲ್ಲ.)

“ಅಧ್ಯಾಯದ ನಡುವಿನಿಂದ, ಟಿಪ್ಪಣಿ ಮಾಡ್ಕೊಳ್ತಾ, ಕಾಲು ಗಂಟೆ ಓದಿ ನೋಡೋ” ಎಂದೆ. ಐದೇ ಪುಟ! ಪುಟಕ್ಕೆ ಮೂರು ನಿಮಿಷದಂತೆ ಅಧ್ಯಾಯಕ್ಕೆ 72. ಅದೂ ಸಾಲದು. 1994ರ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳು ಪ್ರಬಂಧ ಮುಗಿಸಲು ಸರಾಸರಿ 34 ದಿನ ಸಾಕೆಂದಿದ್ದರು. ಹಿಡಿದದ್ದು 55ಕ್ಕೂ ಹೆಚ್ಚು. ಆ ಅನುಪಾತದಂತೆ 72ನ್ನು 1.6ರಿಂದ ಗುಣಿಸಿ, ಹತ್ತಿರ ಹತ್ತಿರ ಎರಡು ಗಂಟೆ ಕೊಟ್ಟೆವು.

“ಹಂಗಾದ್ರೆ ದಿನಕ್ಕೆ ಎರಡೇ ಅಧ್ಯಾಯ ಆಗೋದು, ಅಂಕಲ್!”

“ಮೊದಲು ಒಂದು ಓದು” ಎಂದರು ಅವರಮ್ಮ, ಅಡುಗೆಮನೆಯಿಂದ.