ಭಾನುವಾರ ಅಡುಗೆಮನೆ ಸೇರುವ ಹುಡುಗಿ

ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಪೆರೇಸಂದ್ರದ ಹುಡುಗನೊಬ್ಬನಿದ್ದಾನೆ. ಜೊತೆಗಿರುವವಳು ಧಾರವಾಡದವಳು. ಯುಗಾದಿ, ರಾಜ್ಯೋತ್ಸವ, ಯಾವುದಕ್ಕೇ ಕರೆದರೂ ಜೋಡಿಯಾಗಿ ಬರುತ್ತಾರೆ. ಗೆಳೆಯರಿಗೆಲ್ಲ ಅವಳನ್ನು ಹೆಮ್ಮೆಯಿಂದ ಪರಿಚಯಿಸಿದ್ದಾನೆ. ಊರಿಗೆಲ್ಲ ಗೊತ್ತಿರುವ ಈ ಸಂಗತಿ ಪೆರೇಸಂದ್ರದ ಒಂದು ಮನೆಗೆ ಮಾತ್ರ ಗೊತ್ತಿಲ್ಲ.

ಅವರಮ್ಮ ಭಾನುವಾರ ಸಂಜೆ 6ಕ್ಕೆ ದೀಪ ಹಚ್ಚಿ ವಿಡಿಯೋ ಕಾಲ್ ಮಾಡುತ್ತಾರೆ. ಇಲ್ಲಿ ಆಗ ಬೆಳಗ್ಗೆ 8.30. ಫೋನು ಹೊಡೆದುಕೊಂಡ ಕೂಡಲೇ ಹುಡುಗಿ ಕಾಫಿ ಲೋಟ ಎತ್ತಿಕೊಂಡು ಅಡುಗೆಮನೆ ಸೇರುತ್ತಾಳೆ. ನವೆಂಬರಿನಲ್ಲಿ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರಲ್ಲ, ಪೆರೇಸಂದ್ರದ ದೀಪಕ್ಕೆ ಅದರ ಗೊಡವೆಯಿಲ್ಲ. ಹಾಗಾಗಿ ಚಳಿಗಾಲವಿಡೀ ಅವಳು 7.30ಕ್ಕೇ ಎದ್ದು ಮಾಯವಾಗಬೇಕು. "ರವಿವಾರ ಸುದ್ದಾ ಮಲಗೂ ಹಂಗಿಲ್ಲ ನೋಡ್ರಿ ಅಕ್ಕಾ" ಅಂತ ನನ್ನ ಹೆಂಡತಿಯ ಹತ್ತಿರ ಅಲವತ್ತುಕೊಂಡಳು.

ರಜೆಗೆ ಇಬ್ಬರೂ ಒಂದೇ ವಿಮಾನದಲ್ಲಿ ಹೋದರು. ದೇವನಹಳ್ಳಿಯಲ್ಲಿ ಇಳಿದದ್ದೇ ತಡ, ಸಾಮಾನಿನ ಗಾಡಿಗಳು ಬೇರೆಬೇರೆಯಾದವು. ಹೊರಗೆ ಅವರಪ್ಪ ಕಾರು ತಂದು ನಿಂತಿದ್ದರು. ಅಷ್ಟು ದೂರ ಭುಜಕ್ಕೊರಗಿ ನಿದ್ದೆ ಮಾಡಿದವಳು, ಗುರುತೇ ಇಲ್ಲದವಳಂತೆ ಪಕ್ಕದಲ್ಲೇ ದಾಟಿ ಹೋದಳು.

ಗೆಳೆಯರಿಗೆ ಪರಿಚಯಿಸುವುದರಲ್ಲಿ ಕಳೆದುಕೊಳ್ಳುವುದೇನಿದೆ? ಕೆಟ್ಟರೆ ಒಂದು ವಾಟ್ಸಾಪ್ ಗುಂಪು ಬಿಟ್ಟರಾಯಿತು. ಮನೆಯಲ್ಲಿ ಬಾಯಿಬಿಟ್ಟರೆ ಮೊದಲು "ಯಾವ ಜನ?" ಅನ್ನುತ್ತಾರೆ. ಹೆದ್ದಾರಿ ಪಕ್ಕದ ಊರು ಬೇರೆ. ಸುದ್ದಿ ಅತ್ತ ಬಾಗೇಪಲ್ಲಿಗೂ ಇತ್ತ ಚಿಕ್ಕಬಳ್ಳಾಪುರಕ್ಕೂ ಬಸ್ಸಿಗಿಂತ ಮೊದಲೇ ತಲುಪುತ್ತದೆ. ಸಿಟ್ಟು ಬಂದರೆ ಅವರಮ್ಮ ಕನ್ನಡ ಬಿಟ್ಟು ತೆಲುಗಿಗೆ ಇಳಿಯುತ್ತಾರಂತೆ. ಹುಡುಗನ ಭಯ ಸುಳ್ಳಲ್ಲ.

ಆದರೆ ಭಯಕ್ಕೂ ಜಾರಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. "ತಂಗಿ ಮದುವೆಯಾಗಲಿ" ಅಂದ. ಒಪ್ಪತಕ್ಕ ಮಾತೇ. ತಂಗಿ ಮದುವೆಯಾಗಿ ಚಿಂತಾಮಣಿ ಸೇರಿದಳು. ಆಮೇಲೆ "ಮನೆ ಕಟ್ಟಿಸುತ್ತಿದ್ದಾರೆ" ಅಂದ. ಗೃಹಪ್ರವೇಶವೂ ಆಯಿತು. ಈಗ ಅಪ್ಪನ ಬಿಪಿ. ಒಂದು ಕಾರಣ ತೀರುವಷ್ಟರಲ್ಲಿ ಇನ್ನೊಂದು ಹುಟ್ಟುತ್ತಿದ್ದರೆ ಅಡ್ಡಿ ಮನೆಯಲ್ಲಿಲ್ಲ, ಹುಡುಗನಲ್ಲೇ ಇದೆ ಅನ್ನುವುದು ನನ್ನ ಹೆಂಡತಿಯ ತೀರ್ಪು. ನಿಜವಾಗಿ ಹೆದರಿದವನು ಮನೆಯ ಒಬ್ಬರ ಕಿವಿಗಾದರೂ ಹಾಕಿರುತ್ತಾನೆ, ಅಕ್ಕನೋ ಸೋದರಮಾವನೋ. ಯಾರಿಗೆ ಹೆದರುತ್ತೇನೆ, ಯಾಕೆ ಅಂತ ಹುಡುಗಿಗಾದರೂ ಬಿಡಿಸಿ ಹೇಳಿರುತ್ತಾನೆ. ಹೇಳಿದರೆ ಹೊಡೆತ ಬೀಳುವ ಮನೆಗಳೂ ಉಂಟು, ಅಲ್ಲಿ ಮುಚ್ಚಿಡುವುದೇ ಜಾಣತನ. ಇವನ ಮನೆ ಅಂಥದ್ದಲ್ಲ.

ಮೊನ್ನೆ ಊಟಕ್ಕೆ ಬಂದಾಗ ಕೇಳಿಯೇಬಿಟ್ಟೆ.

"ಯುಗಾದಿ ಆದ್ಮೇಲೆ ಹೇಳ್ತೀನಿ, ಸಾರ್."

"ಯಾವ ಸಂವತ್ಸರದ ಯುಗಾದಿನಪ್ಪಾ? ಒಟ್ಟು 60 ಇದಾವೆ."

ಹುಡುಗಿ ಅನ್ನ ಕಲಸುವುದನ್ನು ನಿಲ್ಲಿಸಿ, "ನಿಮ್ಮ ತಂಗಿಗರೆ ಹೇಳು. ಈ ತಿಂಗಳ ಒಳಗ" ಅಂದಳು.

ಹೇಳಿದನಂತೆ. ತಂಗಿಗೆ ಆಶ್ಚರ್ಯವೇನೂ ಆಗಲಿಲ್ಲ. "ಸರಿ ಅಣ್ಣಾ. ಅಮ್ಮನಿಗೆ ನೀನು ಹೇಳ್ತೀಯಾ, ನಾನೇ ಹೇಳ್ಲಾ?" ಅಂದಳಂತೆ.

ಅವನು ನೆಟ್‌ವರ್ಕ್ ಸರಿಯಿಲ್ಲ ಅಂತ ಫೋನಿಟ್ಟಿದ್ದಾನೆ.