ಮೂರನೇ ಕ್ಲಾಸಿನ ಮಿಸ್ಸು

ನಮ್ಮ ಬಡಾವಣೆಯ ಶಾಲೆಯ ಮೂರನೇ ಕ್ಲಾಸಿನ ಮಿಸ್ಸನ್ನು ನೀವು ನೋಡಿರಲಿಕ್ಕಿಲ್ಲ, ಆದರೆ ಅಂಥ ಒಬ್ಬರನ್ನು ಖಂಡಿತ ಬಲ್ಲಿರಿ. ಬೆರಳ ತುದಿಯಲ್ಲಿ ಸೀಮೆಸುಣ್ಣ, ಹೆಗಲಲ್ಲಿ ತಿದ್ದಬೇಕಾದ ಪುಸ್ತಕಗಳ ಚೀಲ, ತಲೆಯೊಳಗೆ ಅಷ್ಟೂ ಮಕ್ಕಳ ಮನೆಯ ಗುಟ್ಟು. ಯಾರ ಮನೆಯಲ್ಲಿ ರಾತ್ರಿ ಜಗಳವಾಯಿತು, ಯಾರ ತಂದೆ ಹೆಲ್ಮೆಟ್ ಹಾಕದೆ ದಂಡ ಕಟ್ಟಿದರು, ಎಲ್ಲವೂ ಬೆಳಗಿನ ಹಾಜರಿಯ ಹೊತ್ತಿಗೇ ವರದಿಯಾಗಿರುತ್ತದೆ. ಹೀಗಾಗಿ ಪೋಷಕರ ಸಭೆಯಲ್ಲಿ ಅವರಿಗೆ ಯಾರ ಪರಿಚಯವೂ ಬೇಕಾಗುವುದಿಲ್ಲ.

ಮಿಸ್ಸಿನ ನಿಜವಾದ ಕೃತಿಯೆಂದರೆ ಜೂನ್ ತಿಂಗಳ ಸಭೆಯ ಆಮಂತ್ರಣ. ಒಂದೇ ಹಾಳೆ. ಅದರ ಒಂದೊಂದು ಸಾಲಿನ ಹಿಂದೆಯೂ ಹಿಂದಿನ ಯಾವುದೋ ವರ್ಷದ ಒಬ್ಬ ಪೋಷಕರು ನಿಂತಿದ್ದಾರೆ.

ಮೊದಲ ಸಾಲು: ‘ಶನಿವಾರ 11.45ಕ್ಕೆ ಆರಂಭ, 12.45ಕ್ಕೆ ಮುಕ್ತಾಯ.’ ಮುಕ್ತಾಯದ ಹೊತ್ತನ್ನು ಹಾಕಿದ್ದು, ಮಧ್ಯಾಹ್ನ ಎರಡಾದರೂ ತಮ್ಮ ಕಾಲದ ಬೆತ್ತದ ಪ್ರತಾಪವನ್ನು ಬಣ್ಣಿಸುತ್ತ ಕೂತಿದ್ದ ಒಬ್ಬ ತಂದೆಯ ಗೌರವಾರ್ಥ. ಎರಡನೆಯದು: ‘ಅಪ್ಪ, ಅಮ್ಮ, ಅಜ್ಜಿ, ತಾತ, ಓದು ನೋಡಿಕೊಳ್ಳುವವರು ಯಾರಾದರೂ ಸರಿ.’ ಮೂರನೆಯದು: ‘ಹಾರ, ಶಾಲು, ಸ್ವಾಗತ ಭಾಷಣ ಇರುವುದಿಲ್ಲ.’ ನಾಲ್ಕನೆಯದಕ್ಕೆ ಕೆಂಪು ಶಾಯಿಯಲ್ಲಿ ಅಡಿಗೆರೆ: ‘ಇದು ಇಡೀ ತರಗತಿಯ ಸಭೆ. ನಿಮ್ಮ ಮಗುವಿನ ಅಂಕದ ಮಾತು ಇಲ್ಲಿ ಬೇಡ. ಅದಕ್ಕೆ ಬೇರೆ ದಿನ ಬೇಕಿದ್ದರೆ ಕೆಳಗಿನ ಚೀಟಿಯಲ್ಲಿ ಗುರುತು ಹಾಕಿ ಕಳಿಸಿ.’ ಚೀಟಿಗಳಲ್ಲಿ ಅರ್ಧದಷ್ಟು ರಾಕೆಟ್ಟಾಗಿ ಶಾಲೆಯ ಹಿತ್ತಲಿಗೆ ಇಳಿಯುತ್ತವೆ. ಮಿಸ್ಸು ಅವನ್ನು ಆರಿಸಿ ತಂದು ಗುರುತುಗಳನ್ನು ಎಣಿಸುತ್ತಾರೆ.

ಕಾರ್ಯಸೂಚಿಯೂ ಅಷ್ಟೇ ಬಿಗಿ. ದಸರಾ ರಜೆಯವರೆಗಿನ ಪಾಠಕ್ಕೆ ಹದಿನೈದು ನಿಮಿಷ, ಮನೆಯಲ್ಲಿ ಮಾಡಬೇಕಾದ್ದಕ್ಕೆ ಅರ್ಧ ಗಂಟೆ, ಉಳಿದದ್ದು ಪ್ರಶ್ನೆಗೆ. ಪಾಠದ ಯೋಜನೆಯನ್ನು ಹಾಳೆಯ ಹಿಂಬದಿಯಲ್ಲೇ ಬರೆದಿರುತ್ತಾರೆ: ಯಾವ ತಿಂಗಳು ಸ್ಥಾನಬೆಲೆ, ಯಾವಾಗ ಕಳೆಯುವ ಲೆಕ್ಕ, ಎಂದಿನಿಂದ ಮಗ್ಗಿ, ರೂಪಣಾತ್ಮಕ ಮೌಲ್ಯಮಾಪನ ಯಾವ ವಾರ. ಬರೆದದ್ದನ್ನು ಮತ್ತೆ ಓದಿ ಹೇಳುವುದಿಲ್ಲ. ‘ಓದಿಕೊಳ್ಳಿ’ ಎನ್ನುತ್ತಾರೆ, ಇಡೀ ಸಭೆ ತಲೆ ಬಗ್ಗಿಸಿ ಓದುತ್ತದೆ. ಎದುರುಸಾಲಿನ ಒಬ್ಬ ಇಂಜಿನಿಯರು ಬೆರಳಿಟ್ಟುಕೊಂಡು ಓದಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಆಮೇಲಿನ ಅರ್ಧ ಗಂಟೆ ಮಿಸ್ಸಿನದು. ಈ ಸಲ ಬೋರ್ಡಿನ ಮೇಲೆ 52ರಲ್ಲಿ 27 ಕಳೆಯುವ ಲೆಕ್ಕ ಬರೆದು, ಕೆಳಗೆ ಉತ್ತರ 35 ಎಂದು ಹಾಕಿದರು. ಸಭೆ ನಕ್ಕಿತು. ‘ನಗಬೇಡಿ, ಅರ್ಧ ಕ್ಲಾಸು ಹೀಗೇ ಬರೆಯುತ್ತೆ. ಎರಡರಲ್ಲಿ ಏಳು ಹೋಗಲ್ಲ, ಅದಕ್ಕೆ ಏಳರಲ್ಲೇ ಎರಡು ಕಳೆದುಬಿಡುತ್ತೆ. ದೊಡ್ಡದರಲ್ಲಿ ಚಿಕ್ಕದು ಕಳೀಬೇಕು ಅಂತ ಹೇಳಿಕೊಟ್ಟೋರು ನಾವೇ ತಾನೆ? ಮನೇಲಿ ನೀವು, “ಪಕ್ಕದವನ ಹತ್ರ ಸಾಲ ತಗೊ” ಅಂತೀರಿ. ಮಗು ತಗೊಳ್ಳುತ್ತೆ. ಪಕ್ಕದವನಲ್ಲಿ ಒಂದು ಕಮ್ಮಿ ಮಾಡೋದು ಮರೆಯುತ್ತೆ. ಆಗ ಉತ್ತರ 35 ಬರುತ್ತೆ. ಎರಡೂ ದಾರೀಲಿ ಅದೇ ತಪ್ಪು ಉತ್ತರ!’

ಇಂಜಿನಿಯರು ಕಾಗದದ ಅಂಚಿನಲ್ಲಿ ಎರಡೂ ದಾರಿಯನ್ನು ಮಾಡಿ ನೋಡಿ ಹೌದೆಂದು ತಲೆಯಾಡಿಸಿದರು.

ಪರಿಹಾರಕ್ಕೆ ಮಿಸ್ಸು ಐದು ಹತ್ತರ ನೋಟು, ಎರಡು ಒಂದು ರೂಪಾಯಿ ನಾಣ್ಯ ಮೇಜಿನ ಮೇಲಿಟ್ಟರು. ‘ಇದರಲ್ಲಿ ಇಪ್ಪತ್ತೇಳು ಕೊಡು ಅನ್ನಿ. ಏಳು ಕೊಡೋಕೆ ನಾಣ್ಯ ಸಾಲದು ಅಂತ ಮಗುವಿಗೇ ಗೊತ್ತಾಗುತ್ತೆ. ಒಂದು ನೋಟಿಗೆ ಚಿಲ್ಲರೆ ಕೇಳಲಿ. ಈಗ ನೋಟು ನಾಲ್ಕು, ನಾಣ್ಯ ಹನ್ನೆರಡು. ಕೊಟ್ಟ ಮೇಲೆ ಉಳಿಯೋದು ಎರಡು ನೋಟು, ಐದು ನಾಣ್ಯ. ದಿನಾ ಇಂಥವು ಎರಡು ಸಾಕು. ಬರೆಯೋದು ನಾವಿಲ್ಲಿ ಮಾಡಿಸ್ತೀವಿ.’

ಅಂಗಡಿ ಇಟ್ಟ ಒಬ್ಬರು ಎದ್ದರು. ‘ಮಿಸ್, ಈಗ ಎಲ್ಲರೂ ಫೋನು ತೋರಿಸಿ ಹೋಗ್ತಾರೆ. ಚಿಲ್ಲರೆ ನಮ್ಮಂಗಡೀಲೇ ಇಲ್ಲ.’

‘ಹಂಗಾದ್ರೆ ಕಡ್ಡಿ ತಗೊಳ್ಳಿ ಸರ್. ಹತ್ತರ ಕಟ್ಟು ಕಟ್ಟಿ ಇಡಿ. ಬೇಕಾದಾಗ ಒಂದು ಕಟ್ಟು ಬಿಚ್ಚಲಿ.’

ಓದಿನ ವಿಷಯಕ್ಕೆ ಒಂದೇ ಮಾತು: ಮಗು ಒತ್ತಕ್ಷರದಲ್ಲಿ ತಡವರಿಸಿದರೆ ಐದು ಎಣಿಸುವವರೆಗೆ ಬಾಯಿ ಬಿಡಬೇಡಿ, ಎಷ್ಟೋ ಸಲ ತಾನೇ ತಿದ್ದಿಕೊಳ್ಳುತ್ತದೆ. ಇದನ್ನು ಕೇಳಿದ ಒಬ್ಬ ತಾಯಿ ‘ಐದಾ!’ ಎಂದು ಉದ್ಗರಿಸಿದ ರೀತಿಗೆ ಮೂರನೇ ಸಾಲಿನಲ್ಲಿದ್ದ ಅವರ ಯಜಮಾನರು ಮಾತ್ರ ಗಟ್ಟಿಯಾಗಿ ನಕ್ಕರು.

ಪ್ರಶ್ನೆಯ ಹೊತ್ತಿಗೆ, ಸೊಪ್ಪು ಮಾರುವ ಅಜ್ಜಿಯೊಬ್ಬರು ಹಿಂದಿನಿಂದ ಕೇಳಿದರು: ‘ನಾನು ಚಿಲ್ಲರೆ ಹಿಂಗೆ ಎಣಿಸಲ್ಲವಲ್ಲ ಮಿಸ್ಸಮ್ಮ. ಇಪ್ಪತ್ತೇಳಕ್ಕೆ ಮೂರು ಹಾಕಿದ್ರೆ ಮೂವತ್ತು, ಇನ್ನು ಇಪ್ಪತ್ತು ಹಾಕಿದ್ರೆ ಐವತ್ತು, ಮೇಲೆರಡು. ಇಪ್ಪತ್ತೈದು. ಕಳೆಯೋದೇ ಬೇಡ.’

ಮಿಸ್ಸು ಮಾತಾಡದೆ ಅದನ್ನು ಬೋರ್ಡಿನ ಮೇಲೆ ಬರೆದು, ‘ಇದನ್ನೂ ಹೇಳಿಕೊಡಿ ಅಜ್ಜಿ, ಇದೂ ಸರಿ’ ಎಂದರು. ಕೂಡಲೇ ಇಂಜಿನಿಯರ ಕೈ ಮೇಲೆದ್ದಿತು.

‘ಮೇಡಂ, ಪರೀಕ್ಷೇಲಿ ನಮ್ಮ ಹುಡುಗ ಈ ಥರ ಬರೆದರೆ ಮಾರ್ಕ್ಸ್ ಕೊಡ್ತೀರಾ?’

ಮಿಸ್ಸು ಗಡಿಯಾರ ನೋಡಿದರು. 12.44. ‘ಸರ್, ನಾಲ್ಕನೇ ಸಾಲು ಓದಿ.’